ಹಳೇ ಮನೆ ಸ್ಲ್ಯಾಬು ಸೋಲಾರ್ ಪ್ಯಾನೆಲ್ ಭಾರ ತಡಿಯುತ್ತಾ?

ಪ್ರಶ್ನೆ: ಸರ್, ನಮ್ಮ ಮನೆ ಕಟ್ಟಿ 38 ವರ್ಷ ಆಯ್ತು. ಪಿಲ್ಲರ್ ಇಲ್ಲ, ಗೋಡೆ ಮೇಲೇ ಆರ್‌ಸಿಸಿ ಕೂತಿದೆ, ಡ್ರಾಯಿಂಗ್ ಯಾವ್ದೂ ನಮ್ಮ ಹತ್ರ ಇಲ್ಲ. 10 ಪ್ಯಾನೆಲ್ ಹಾಕ್ಸೋಣ ಅಂತಿದೀವಿ, ಕೆಳಗೆ ಓಡಾಡೋ ಹಾಗೆ ಎತ್ತರದ ಸ್ಟ್ಯಾಂಡ್ ಮೇಲೆ. ಒಂದು ರೂಮಿನ ಸೀಲಿಂಗಲ್ಲಿ ಗಾರೆ ಉದುರಿ ಕಂಬಿ ಕಾಣ್ತಿದೆ. ಸೋರ್ತಿತ್ತು ಅಂತ ಮೇಲೆ ಇನ್ನೊಂದು ಲೇಯರ್ ಹಾಕ್ಸಿದ್ವಿ. ಇನ್‌ಸ್ಟಾಲರ್ ಹೇಳ್ತಾರೆ, ಒಂದು ಪ್ಯಾನೆಲ್ 28 ಕೆಜಿ ಅಷ್ಟೇ, ಸಾವಿರ ಲೀಟರ್ ಟ್ಯಾಂಕ್ ಹೊತ್ತಿರೋ ಸ್ಲ್ಯಾಬ್ ಇದನ್ನ ಹೊರಲ್ವಾ ಅಂತ. ನಿಜವಾಗ್ಲೂ ತಡಿಯುತ್ತಾ ಅಂತ ಚೆಕ್ ಮಾಡೋದು ಹೇಗೆ?

ಉತ್ತರ: ಮೊದ್ಲು ಆ ಟ್ಯಾಂಕ್ ವಿಷಯ ಮುಗಿಸಿಬಿಡೋಣ. ಸಾವಿರ ಲೀಟರ್ ಅಂದ್ರೆ ಒಂದು ಟನ್, ಅದು ಸರಿ. ಆದ್ರೆ ಒಂದ್ಸಲ ಮೇಲೆ ಹೋಗಿ ಆ ಟ್ಯಾಂಕ್ ಎಲ್ಲಿ ಕೂತಿದೆ ನೋಡಿ. ಸಾಮಾನ್ಯವಾಗಿ ಮೆಟ್ಟಿಲು ರೂಮಿನ ಗೋಡೆಗಳ ಮೇಲೋ, ಇಲ್ಲಾ ಎರಡು ಗೋಡೆ ಸೇರೋ ಮೂಲೇಲೋ ಇರತ್ತೆ. ಅಲ್ಲಿ ಭಾರ ನೇರವಾಗಿ ಗೋಡೆಗೆ ಇಳಿದು ಹೋಗತ್ತೆ, ಸ್ಲ್ಯಾಬು ಬಗ್ಗೋ ಪ್ರಶ್ನೇನೇ ಬರಲ್ಲ. ಎರಡು ಇಟ್ಟಿಗೆ ಮೇಲೆ ಒಂದು ಹಲಗೆ ಇಟ್ಟು ಇಟ್ಟಿಗೆ ಪಕ್ಕದಲ್ಲೇ ನಿಂತ್ಕೊಳೋದಕ್ಕೂ ಹಲಗೆ ಮಧ್ಯದಲ್ಲಿ ನಿಂತ್ಕೊಳೋದಕ್ಕೂ ಇರೋ ವ್ಯತ್ಯಾಸ ಇದು. ಇನ್ನು ಟ್ಯಾಂಕು ರೂಮಿನ ನಡುವೇನೇ ಇದೆ ಅಂತಿಟ್ಕೊಳಿ, ಆಗ್ಲೂ ಇಷ್ಟು ವರ್ಷ ಬಿದ್ದಿಲ್ಲ ಅನ್ನೋದಷ್ಟೇ ಗೊತ್ತಾಗತ್ತೆ, ಇನ್ನೂ ಎಷ್ಟು ಹೊರಬಹುದು ಅಂತ ಅದು ಹೇಳಲ್ಲ.

ಪ್ಯಾನೆಲ್ ತೂಕ ಕಮ್ಮಿ ಅಂತ ಇನ್‌ಸ್ಟಾಲರ್ ಹೇಳಿದ್ದು ಸುಳ್ಳಲ್ಲ. ಈಗ ಬರೋ ದೊಡ್ಡ ಪ್ಯಾನೆಲ್ ಸುಮಾರು 2.28 ಮೀಟರ್ ಉದ್ದ, 1.13 ಮೀಟರ್ ಅಗಲ ಇರತ್ತೆ, ಹತ್ತು ಸೇರಿದ್ರೆ 26 ಚದರ ಮೀಟರ್ ಹತ್ರ, 280 ಕೆಜಿ. ಎತ್ತರದ ಜಿಐ ಸ್ಟ್ರಕ್ಚರಿಗೆ ಚದರ ಮೀಟರಿಗೆ ಒಂದು 15 ಕೆಜಿ ಹಿಡಿದ್ರೆ ಅದೊಂದು 390. ಒಟ್ಟು 670 ಕೆಜಿ, ಅಂದ್ರೆ ಚದರ ಮೀಟರಿಗೆ 26 ಕೆಜಿ. ಜನ ಓಡಾಡೋ ಟೆರೇಸಿಗೆ ಡಿಸೈನ್ ಮಾಡುವಾಗ್ಲೇ ಚದರ ಮೀಟರಿಗೆ 150 ಕೆಜಿ ಅಂತ ಹಿಡಿಯೋ ರೂಢಿ ಇರೋದ್ರಿಂದ 26 ಏನೂ ಅಲ್ಲ ಅನ್ಸತ್ತೆ. ತೊಂದ್ರೆ ಇರೋದು ಬೇರೆ ಕಡೆ. ಆ ಸ್ಲ್ಯಾಬು ಈಗಾಗ್ಲೇ ಏನೇನು ಹೊತ್ತಿದೆ, ಅದರ ಕಂಬಿ ಎಷ್ಟು ಉಳಿದಿದೆ, ಮತ್ತೆ ಗಾಳಿ ಬೀಸಿದಾಗ ಸ್ಟ್ಯಾಂಡಿನ ಕಾಲುಗಳು ಎಲ್ಲಿ ಎಷ್ಟು ಒತ್ತತ್ತವೆ, ಈ ಮೂರು ಗೊತ್ತಿಲ್ದೆ ಯಾರೂ ಹೂಂ ಅನ್ನೋಕಾಗಲ್ಲ, ಉಹೂಂ ಅನ್ನೋಕೂ ಆಗಲ್ಲ.

ನಿಮ್ಮದೇ ತರದ ಒಂದು ಮನೆ ನಾನು ಚೆಕ್ ಮಾಡಿದ್ದೆ, ಅದರ ಲೆಕ್ಕಾನೇ ಇಲ್ಲಿ ಬಿಡಿಸಿ ಹೇಳ್ತೀನಿ, ನಿಮ್ಮ ಮನೆ ಅಳತೆ ಬೇರೆ ಇರತ್ತೆ ಆದ್ರೆ ದಾರಿ ಇದೇ. ಅಲ್ಲಿ ಅಕ್ಕಪಕ್ಕ ಎರಡು ರೂಮು, ಒಂದೊಂದೂ 3 ಮೀಟರ್ ಅಗಲ 4.5 ಮೀಟರ್ ಉದ್ದ, ಸುತ್ತ ದಪ್ಪ ಗೋಡೆ. ಒಂದು ರೂಮಿನ ಸೀಲಿಂಗ್ ಚೆನ್ನಾಗಿತ್ತು, ಇನ್ನೊಂದರಲ್ಲಿ ನಿಮ್ಮಲ್ಲಿ ಆದ ಹಾಗೇ ಗಾರೆ ಉದುರಿತ್ತು.

ಮೊದಲ ಕೆಲಸ ಸ್ಲ್ಯಾಬಿನ ದಪ್ಪ ಕಂಡುಹಿಡಿಯೋದು. ಮಳೆನೀರು ಪೈಪಿನ ತೂತಲ್ಲಿ ಟೇಪ್ ಇಟ್ಟು 9 ಇಂಚು ಇದೆ ಸಾರ್, ಗಟ್ಟಿ ಸ್ಲ್ಯಾಬು ಅಂತ ಓನರ್ ಹೇಳಿದ್ರು. 9 ಇಂಚು ಇತ್ತು ನಿಜ, ಆದ್ರೆ ಅದರಲ್ಲಿ ಸ್ಲ್ಯಾಬ್ ಎಷ್ಟು? ಮೇಲಿಂದ ಸಣ್ಣ ಬಿಟ್ ಹಾಕಿ ನಿಧಾನಕ್ಕೆ ಡ್ರಿಲ್ ಮಾಡ್ತಾ ಹೊರಗೆ ಬರೋ ಪುಡಿ ಬಣ್ಣ ನೋಡ್ತಾ ಹೋಗ್ಬೇಕು. ಮೊದ್ಲು ಬೂದು ಪುಡಿ ಬಂತು, ಅದು ಆಮೇಲೆ ಹಾಕ್ಸಿದ ಸಿಮೆಂಟ್ ಲೇಯರ್, 40 ಮಿಮೀ. ಆಮೇಲೆ ಕೆಂಪು ಬಿಳಿ ಮಿಕ್ಸ್ ಪುಡಿ, ಡ್ರಿಲ್ಲು ಬೆಣ್ಣೇಲಿ ಹೋದ ಹಾಗೆ ಇಳೀತು, ಅದು ಇಟ್ಟಿಗೆ ಚೂರು ಸುಣ್ಣ ಹಾಕಿ ಬಡಿದ ಹಳೇ ವೆದರಿಂಗ್ ಕೋರ್ಸ್, 75 ಮಿಮೀ. ಅದಾದ ಮೇಲೆ ಮತ್ತೆ ಬೂದು ಪುಡಿ, ಡ್ರಿಲ್ಲಿನ ಶಬ್ದಾನೇ ಬದಲಾಯ್ತು, ಅಲ್ಲಿಂದ ಕೆಳಗೆ 110 ಮಿಮೀ, ನಿಜವಾದ ಸ್ಲ್ಯಾಬು ಅಷ್ಟೇ. 9 ಇಂಚಲ್ಲಿ ಹೊರೋದು ನಾಲ್ಕೂಕಾಲು ಇಂಚು, ಮಿಕ್ಕಿದ್ದೆಲ್ಲ ಹೊರೆ. ಡ್ರಿಲ್ ಮಾಡೋ ಮುಂಚೆ ಕಂಬಿ ಎಲ್ಲಿದೆ ಅಂತ ಕಂಬಿ ಹುಡುಕೋ ಮೀಟರಲ್ಲಿ ನೋಡ್ಕೊಳಿ, ಆಮೇಲೆ ಆ ತೂತನ್ನ ಗ್ರೌಟ್ ಹಾಕಿ ಸರಿಯಾಗಿ ಮುಚ್ಚಿಸಿ, ಇಲ್ಲಾಂದ್ರೆ ಚೆಕ್ ಮಾಡಿದ ಜಾಗದಲ್ಲೇ ಸೋರೋಕೆ ಶುರುವಾಗತ್ತೆ.

ಈ ಲೇಯರ್‌ಗಳ ತೂಕ ಕೂಡೋಣ, ಎಲ್ಲಾ ಚದರ ಮೀಟರಿಗೆ. 110 ಮಿಮೀ ಕಾಂಕ್ರೀಟು 275 ಕೆಜಿ. ಇಟ್ಟಿಗೆ ಸುಣ್ಣದ ಲೇಯರು ಸುಮಾರು 140. ಕೆಳಗಿನ ಗಾರೆ 25. ಕಟ್ಟಿದಾಗ ಇದ್ದಿದ್ದು ಇಷ್ಟು, 440. ಸೋರೋದಕ್ಕೆ ಅಂತ ಆಮೇಲೆ ಹಾಕಿದ ಸಿಮೆಂಟ್ ಲೇಯರ್ ಒಂದೇ 84 ಕೆಜಿ. ಗಮನಿಸಿ, ಪ್ಯಾನೆಲ್ಲು ಸ್ಟ್ಯಾಂಡು ಸೇರಿ 26, ವಾಟರ್‌ಪ್ರೂಫಿಂಗ್ ಅಂತ ಹೊರಿಸಿದ್ದು 84, ಮೂರು ಪಟ್ಟಿಗಿಂತ ಜಾಸ್ತಿ. ಅದನ್ನ ಹಾಕುವಾಗ ಸ್ಲ್ಯಾಬ್ ತಡಿಯುತ್ತಾ ಅಂತ ಯಾರೂ ಕೇಳಿರಲಿಲ್ಲ. ಕೆಲವು ಮನೇಲಿ ಇಂಥ ಲೇಯರು ಒಂದರ ಮೇಲೊಂದು ಎರಡು ಮೂರು ಇರ್ತವೆ, ಟೆರೇಸಿನ ಮಟ್ಟ ಮೆಟ್ಟಿಲು ಬಾಗಿಲಿನ ಹೊಸ್ತಿಲು ದಾಟಿ ಬಂದಿರತ್ತೆ, ಅದನ್ನ ನೋಡಿದ್ರೇನೇ ಗೊತ್ತಾಗಿಬಿಡತ್ತೆ.

ಈಗ ಕಂಬಿ. ಸ್ಲ್ಯಾಬಿನ ಬಲ ಅಂದ್ರೆ ಬಹುಪಾಲು ಕೆಳಗಿನ ಕಂಬಿಯ ಬಲ. ಕಾಂಕ್ರೀಟ್ ಸ್ವಲ್ಪ ವೀಕ್ ಇದ್ರೂ ತೆಳು ಸ್ಲ್ಯಾಬಿನ ಬಗ್ಗೋ ಶಕ್ತಿ ಅಷ್ಟೇನೂ ಇಳಿಯಲ್ಲ, ಆದ್ರೆ ಕಂಬಿ ಸವೆದ್ರೆ ನೇರವಾಗಿ ಅಷ್ಟೇ ಇಳಿಯತ್ತೆ. ಅದಕ್ಕೇ ಕಾಂಕ್ರೀಟಿನ ಗಟ್ಟಿತನ ಅಳೆಯೋ ರೀಬೌಂಡ್ ಹ್ಯಾಮರ್ ತಂದು ನಾಲ್ಕು ಕಡೆ ಟಕ್ ಟಕ್ ಅಂತ ಹೊಡೆದು ನಂಬರ್ ಬರ್ಕೊಂಡು ಹೋಗೋರನ್ನ ಕಂಡ್ರೆ ನಂಗೆ ಸ್ವಲ್ಪ ಕಿರಿಕಿರಿ. ಹಳೇ ಕಾಂಕ್ರೀಟಿನ ಮೇಲ್ಮೈ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಗಟ್ಟಿಯಾಗಿರತ್ತೆ, ಹ್ಯಾಮರ್ ಇದ್ದಿದ್ದಕ್ಕಿಂತ ಜಾಸ್ತಿ ತೋರಿಸತ್ತೆ. ಅದೇ ಕಾರ್ಬನ್ ಡೈಆಕ್ಸೈಡೇ ಒಳಗಿನ ಕಂಬಿಗೆ ತುಕ್ಕು ಹಿಡಿಯೋಕೆ ದಾರಿ ಮಾಡಿಕೊಡೋದು, ಅಂದ್ರೆ ಹ್ಯಾಮರ್ ನಂಬರ್ ಒಳ್ಳೇದು ತೋರಿಸ್ತಿರೋ ಜಾಗದಲ್ಲೇ ಕಂಬಿ ಕರಗ್ತಿರಬಹುದು.

ಸರಿಯಾದ ದಾರಿ ಅಂದ್ರೆ ಸೀಲಿಂಗಲ್ಲಿ ಒಂದು ಕಿಟಕಿ ತೆಗೆಯೋದು. ರೂಮಿನ ನಡುಭಾಗದಲ್ಲಿ ಒಂದಡಿಗೆ ಒಂದಡಿ ಗಾರೆ ತೆಗೆದು, ಕಂಬಿ ಮುಕ್ಕಾಲು ಭಾಗ ಕಾಣೋವರೆಗೆ ಕಾಂಕ್ರೀಟ್ ನಿಧಾನಕ್ಕೆ ಬಿಡಿಸಿ, ವೈರ್ ಬ್ರಷ್ ಹಾಕಿ ತುಕ್ಕೆಲ್ಲ ಉಜ್ಜಿ ಬೆಳ್ಳಗಿನ ಉಕ್ಕು ಬಂದ ಮೇಲೆ ವರ್ನಿಯರ್ ಇಟ್ಟು ಅಳೀಬೇಕು. ತುಕ್ಕು ಸಮೇತ ಅಳೆದ್ರೆ ಕಂಬಿ ದಪ್ಪ ಆಗಿರೋ ಹಾಗೆ ಕಾಣತ್ತೆ, ಯಾಕಂದ್ರೆ ಉಕ್ಕು ತುಕ್ಕಾದಾಗ ಕೆಲವು ಪಟ್ಟು ಊದಿಕೊಳ್ಳತ್ತೆ, ಗಾರೆ ಉದುರಿಸೋದೂ ಆ ಊತವೇ. ಕಂಬಿ ನುಣ್ಣಗಿದ್ಯಾ ಗೆರೆ ಇದ್ಯಾ ನೋಡಿ, ನುಣ್ಣಗಿನ ಹಳೇ ಮೈಲ್ಡ್ ಸ್ಟೀಲ್ ಆದ್ರೆ ಅದರ ಶಕ್ತಿ ಈಗಿನ ಗೆರೆ ಕಂಬಿಯ ಅರ್ಧದಷ್ಟು ಅಂತಲೇ ಹಿಡೀಬೇಕು. ಕಂಬಿಯಿಂದ ಕಂಬಿಗೆ ದೂರ ಎಷ್ಟು, ಕಂಬಿ ಕೆಳಗೆ ಕಾಂಕ್ರೀಟ್ ಕವರ್ ಎಷ್ಟು ಅಂತ ಬರ್ಕೊಳಿ. ಚೆನ್ನಾಗಿರೋ ರೂಮಲ್ಲೂ ಒಂದು ಕಿಟಕಿ, ಹಾಳಾದ ರೂಮಲ್ಲೂ ಒಂದು, ಆಗ್ಲೇ ಹೋಲಿಸೋಕಾಗೋದು. ಮಿಕ್ಕ ಸೀಲಿಂಗಲ್ಲಿ ಕಂಬಿ ಹುಡುಕೋ ಮೀಟರ್ ಆಡ್ಸಿ ಅಂತರ ಎಲ್ಲಾ ಕಡೆ ಅದೇ ಇದ್ಯಾ ಖಾತ್ರಿ ಮಾಡ್ಕೋಬಹುದು.

ಅದೇ ಕಿಟಕೀಲಿ ಇನ್ನೊಂದು ಪರೀಕ್ಷೆ ಇದೆ, ಖರ್ಚು ತೀರಾ ಕಮ್ಮಿ ಇರೋದು. ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಫಿನಾಲ್ಫ್ತಲೀನ್ ದ್ರಾವಣ ಸ್ಪ್ರೇ ಮಾಡಿ. ಕಾಂಕ್ರೀಟು ಇನ್ನೂ ಆರೋಗ್ಯವಾಗಿದ್ರೆ ಗಾಢ ಗುಲಾಬಿ ಬಣ್ಣ ಬರತ್ತೆ, ಬಣ್ಣ ಬರದೇ ಇರೋ ಭಾಗ ಕಂಬೀನ ಕಾಪಾಡೋ ಗುಣ ಕಳ್ಕೊಂಡಿದೆ ಅಂತ ಅರ್ಥ. ಆ ಮನೇಲಿ ಚೆನ್ನಾಗಿದ್ದ ರೂಮಲ್ಲಿ ಕೆಳಗಿನ 12 ಮಿಮೀ ಮಾತ್ರ ಬಣ್ಣ ಇಲ್ದೆ ಇತ್ತು, ಕಂಬಿ 20 ಮಿಮೀ ಒಳಗೆ, ಹಾಗಾಗಿ ಬಚಾವ್. ಇನ್ನೊಂದು ರೂಮಲ್ಲಿ ಕಂಬಿ ದಾಟಿ ಮೇಲಿನವರೆಗೂ ಬಣ್ಣಾನೇ ಬರಲಿಲ್ಲ. ಅಂಥ ಕಡೆ ಗಾರೆ ಬಳಿದು ಪೇಂಟ್ ಹೊಡೆದ್ರೆ ಸೀಲಿಂಗು ಚೆಂದ ಕಾಣತ್ತೆ ಅಷ್ಟೇ, ಒಳಗಡೆ ತುಕ್ಕು ತನ್ನ ಪಾಡಿಗೆ ತಾನು ನಡೀತಾನೇ ಇರತ್ತೆ.

ಕಿಟಕಿ ತೆಗೆಯೋಕೆ ಮುಂಚೆ ನೀವೇ ಒಂದು ಸಣ್ಣ ಸುತ್ತಿಗೆ, ಚಾಕ್‌ಪೀಸು, ಗಟ್ಟಿ ದಾರ ಇಟ್ಕೊಂಡು ಅರ್ಧ ದಿನ ಕೂತ್ರೆ ಸಾಕು ಎಷ್ಟೋ ತಿಳಿಯತ್ತೆ. ಸೀಲಿಂಗನ್ನ ಮೆಲ್ಲಗೆ ತಟ್ಟುತ್ತಾ ಹೋಗಿ, ಗಟ್ಟಿ ಇರೋ ಕಡೆ ಕಣ್ ಅನ್ನತ್ತೆ, ಒಳಗೆ ಬಿಟ್ಟುಕೊಂಡಿರೋ ಕಡೆ ಡೊಳ್ಳು ಶಬ್ದ. ಡೊಳ್ಳು ಬಂದ ಜಾಗದ ಸುತ್ತ ಚಾಕಲ್ಲಿ ಗೆರೆ ಎಳೀರಿ, ಮುಗಿದ ಮೇಲೆ ಕೆಳಗೆ ನಿಂತು ನೋಡಿದ್ರೆ ಕಂಬಿ ಕಾಣ್ತಿದ್ದ ಜಾಗಕ್ಕಿಂತ ಎಷ್ಟೋ ಜಾಸ್ತಿ ಜಾಗ ಗೆರೆ ಒಳಗೆ ಬಂದಿರತ್ತೆ, ಸಾಮಾನ್ಯವಾಗಿ ಹಾಗೇ ಆಗೋದು. ಬಿರುಕುಗಳು ಸಮಾನ ದೂರದಲ್ಲಿ, ಒಂದಕ್ಕೊಂದು ಜೋಡಿಯಾಗಿ ಓಡ್ತಿದ್ರೆ ಅದು ಕಂಬಿ ಉದ್ದಕ್ಕೂ ಹಿಡಿದಿರೋ ತುಕ್ಕು. ಆಮೇಲೆ ಗೋಡೆಯಿಂದ ಗೋಡೆಗೆ ದಾರ ಬಿಗಿದು ಮಧ್ಯದಲ್ಲಿ ಸೀಲಿಂಗು ಎಷ್ಟು ಇಳಿದಿದೆ ನೋಡಿ. 3 ಮೀಟರ್ ಅಗಲಕ್ಕೆ 12 ಮಿಮೀ ಒಳಗಿದ್ರೆ ಹಳೇ ಸ್ಲ್ಯಾಬಿಗೆ ಮಾಮೂಲಿ, ಅದಕ್ಕಿಂತ ಜಾಸ್ತಿ ಇದ್ರೆ ಯಾಕೆ ಅಂತ ಕೇಳಬೇಕಾದ ವಿಷಯ. ಗಾರೆ ಏರುಪೇರು ಇರಬಹುದು ಅಂತ ಎರಡು ಮೂರು ಕಡೆ ದಾರ ಹಾಕಿ ನೋಡಿ. ಎಲ್ಲಾದ್ರೂ ಬೀಮ್ ಇದ್ದು ಅದರ ಗೋಡೆ ಹತ್ತಿರದ ತುದೀಲಿ ಓರೆಯಾಗಿ ಬಿರುಕು ಬಿಟ್ಟಿದ್ರೆ ಮಾತ್ರ ಸೋಲಾರ್ ಮಾತು ಪಕ್ಕಕ್ಕಿಟ್ಟು ಮೊದ್ಲು ಎಂಜಿನಿಯರ್ ಕರೀರಿ, ಆ ತರದ ಬಿರುಕು ಎಚ್ಚರಿಕೆ ಕೊಟ್ಟು ಕಾಯೋ ಜಾತಿ ಅಲ್ಲ.

ಈಗ ಆ ಮನೆ ಲೆಕ್ಕಕ್ಕೆ ಬರೋಣ. ಚೆನ್ನಾಗಿದ್ದ ರೂಮಲ್ಲಿ ಸಿಕ್ಕಿದ್ದು 10 ಮಿಮೀ ನುಣ್ಣನೆ ಕಂಬಿ, 150 ಮಿಮೀಗೊಂದು. ಒಂದು ಮೀಟರ್ ಅಗಲದಲ್ಲಿ ಆ ಕಂಬಿಗಳೆಲ್ಲ ಸೇರಿ ಎಳೆದು ಹಿಡಿಯೋ ಬಲ ಸುಮಾರು 11.6 ಟನ್. ಸ್ಲ್ಯಾಬು ಬಗ್ಗುವಾಗ ಮೇಲಿನ ಕಾಂಕ್ರೀಟು ಒತ್ತಿಕೊಳ್ಳತ್ತೆ, ಕೆಳಗಿನ ಕಂಬಿ ಎಳೆದುಕೊಳ್ಳತ್ತೆ, ಇವೆರಡರ ಮಧ್ಯದ ದೂರ ಇಲ್ಲಿ 76 ಮಿಮೀ. ಬಲಕ್ಕೆ ಈ ದೂರ ಗುಣಿಸಿದ್ರೆ ಸ್ಲ್ಯಾಬಿನ ಬಗ್ಗುವಿಕೆ ತಡಿಯೋ ಶಕ್ತಿ. ನಾಲ್ಕೂ ಕಡೆ ಗೋಡೆ ಮೇಲೆ ಕೂತ 3 ಕ್ಕೆ 4.5 ಮೀಟರಿನ ಸ್ಲ್ಯಾಬು ಅಂತ ಹಿಡಿದು, ಒಂದೂವರೆ ಪಟ್ಟು ಸೇಫ್ಟಿ ಇಟ್ಟು, ಇದನ್ನ ತಿರುಗಿಸಿ ಲೆಕ್ಕ ಹಾಕಿದ್ರೆ ಆ ಸ್ಲ್ಯಾಬು ತನ್ನ ತೂಕವೂ ಸೇರಿ ಚದರ ಮೀಟರಿಗೆ ಸುಮಾರು 630 ಕೆಜಿ ಹೊರಬಹುದು ಅಂತ ಬಂತು. ಇದನ್ನೇ ಆ ಸ್ಲ್ಯಾಬಿನ ಬಜೆಟ್ ಅಂದ್ಕೊಳಿ.

ಕಟ್ಟಿದಾಗ 440 ಸ್ವಂತ ತೂಕ, 150 ಜನ ಓಡಾಡೋಕೆ, ಒಟ್ಟು 590. ಬಜೆಟ್ ಒಳಗೆ, 40 ಮಿಕ್ಕಿತ್ತು, ಕಟ್ಟಿದೋರು ಸರಿಯಾಗೇ ಕಟ್ಟಿದ್ರು. ಸಿಮೆಂಟ್ ಲೇಯರ್ 84 ಸೇರಿದ ಮೇಲೆ 674, ಬಜೆಟ್ ದಾಟಿ 44 ಆಚೆ. ಪ್ಯಾನೆಲ್ ಇನ್ನೂ ಬಂದೇ ಇಲ್ಲ!

ಹಾಳಾದ ರೂಮಲ್ಲಿ ಉಜ್ಜಿ ಅಳೆದಾಗ ಕಂಬಿ 10 ಹೋಗಿ 9 ಮಿಮೀ ಆಗಿತ್ತು. ಒಂದು ಮಿಮೀ ತಾನೇ ಅನ್ನಬೇಡಿ, ಅಡ್ಡಕೊಯ್ತದಲ್ಲಿ ಲೆಕ್ಕ ಹಾಕಿದ್ರೆ ನೂರಕ್ಕೆ 19 ಭಾಗ ಉಕ್ಕು ಮಾಯ. ಬಜೆಟ್ಟು 630 ರಿಂದ 520 ಕ್ಕೆ ಇಳೀತು, ಮೇಲೆ ಯಾರೂ ಕಾಲಿಡದೇ ಇದ್ರೂ ಸ್ಲ್ಯಾಬಿನ ಸ್ವಂತ ಹೊರೆ 524. ಹಾಗಾದ್ರೆ ಯಾಕೆ ಬಿದ್ದಿಲ್ಲ ಅಂತ ಓನರ್ ಕೇಳಿದ್ರು, ನ್ಯಾಯವಾದ ಪ್ರಶ್ನೆ. ಬಿದ್ದಿಲ್ಲ ಯಾಕಂದ್ರೆ ಲೆಕ್ಕದಲ್ಲಿ ಇಟ್ಟಿರೋ ಆ ಒಂದೂವರೆ ಪಟ್ಟು ಸೇಫ್ಟಿ ಹೊತ್ಕೊಂಡಿದೆ, ಮತ್ತೆ ಟೆರೇಸ್ ತುಂಬ ಜನ ಯಾವತ್ತೂ ಒಟ್ಟಿಗೆ ನಿಂತಿಲ್ಲ. ಕೈಸಾಲದಲ್ಲಿ ಸಂಸಾರ ನಡೀತಿರೋ ಹಾಗೆ ಅದು, ನಡೀತಿದೆ ಅಂತ ಇನ್ನೊಂದು ಹೊಸ ಖರ್ಚು ಒಪ್ಕೊಳೋಕಾಗಲ್ಲ. ಅದೂ ಪ್ಯಾನೆಲ್ಲು ಹಾಕಿದ್ಮೇಲೆ 25 ವರ್ಷ ಅಲ್ಲೇ ಇರತ್ತೆ ಅಂತ ತಾನೇ ಹಾಕೋದು, ತುಕ್ಕು ಅಷ್ಟು ವರ್ಷ ಸುಮ್ನೆ ಕೂತಿರತ್ತಾ?

ಇನ್ನು ಗಾಳಿ. ಎತ್ತರದ ಸ್ಟ್ಯಾಂಡ್ ಮೇಲಿನ ಪ್ಯಾನೆಲ್ಲು ಬಿಚ್ಚಿಟ್ಟ ಛತ್ರಿ ಇದ್ದ ಹಾಗೆ. ಗಂಟೆಗೆ 144 ಕಿಮೀ ವೇಗದ ಬಿರುಗಾಳಿ ಬಂದ್ರೆ ಚದರ ಮೀಟರಿಗೆ ಸುಮಾರು 100 ಕೆಜಿ ಒತ್ತಡ, ಆ 26 ಚದರ ಮೀಟರಿಗೆ ಎರಡೂವರೆ ಟನ್. ಇದು ಗಾಳಿ ಬೀಸೋ ದಿಕ್ಕು ನೋಡ್ಕೊಂಡು ಮೇಲಕ್ಕೂ ಎತ್ತತ್ತೆ, ಕೆಳಕ್ಕೂ ಒತ್ತತ್ತೆ, ಅಂಚಿನ ಪ್ಯಾನೆಲ್‌ಗಳ ಮೇಲೆ ಇನ್ನೂ ಜಾಸ್ತಿ. ನಿಮ್ಮ ಊರಿಗೆ ಎಷ್ಟು ವೇಗ ಹಿಡೀಬೇಕು ಅನ್ನೋದು ಕಟ್ಟಡ ನಿಯಮಗಳ ಕೋಡಲ್ಲಿ ಇರತ್ತೆ, ಎಂಜಿನಿಯರ್ ಅದನ್ನ ಹಿಡಿಯಲಿ. ಎತ್ತುವಾಗ ಸ್ಟ್ರಕ್ಚರಿನ ತೂಕ 670 ಕಳೆದ್ರೂ ಇನ್ನೂ 1.9 ಟನ್ ಮೇಲೆದ್ದು ಹೋಗೋಕೆ ನೋಡತ್ತೆ. ಆರು ಕಾಲಿಗೂ ಒಂದೂವರೆ ಅಡಿ ಚೌಕ, ಒಂದಡಿ ಎತ್ತರದ ಕಾಂಕ್ರೀಟ್ ಬ್ಲಾಕ್ ಹಾಕ್ತೀವಿ ಅಂತ ಅಲ್ಲಿನ ಇನ್‌ಸ್ಟಾಲರ್ ಹೇಳಿದ್ರು. ಒಂದೊಂದು ಬ್ಲಾಕು 146 ಕೆಜಿ, ಆರಕ್ಕೆ 880, ಅಂದ್ರೆ ಬ್ಲಾಕುಗಳ ತೂಕ ಪ್ಯಾನೆಲ್ಲು ಸ್ಟ್ಯಾಂಡು ಎರಡಕ್ಕಿಂತ ಜಾಸ್ತಿ! ಅಷ್ಟಾದ್ರೂ ಇನ್ನೂ ಒಂದು ಟನ್ ಕಮ್ಮಿ ಬೀಳತ್ತೆ. ಬ್ಲಾಕು ಸುಮ್ನೆ ಮೇಲೆ ಇಟ್ರೆ ಸ್ಲ್ಯಾಬಿಗೂ ಹೊರೆ, ಗಾಳಿಗೂ ಸಾಲಲ್ಲ.

ಕೆಳಕ್ಕೆ ಒತ್ತುವಾಗ ಒಂದು ಕಾಲಿಗೆ ಸರಾಸರಿ 540, ಬ್ಲಾಕ್ ಸೇರಿ 680 ಕೆಜಿ ಆಗತ್ತೆ. ಈ ಕಾಲು ರೂಮಿನ ನಡುವೆ ಇಳಿದ್ರೆ ಸ್ಲ್ಯಾಬಿಗೆ ಅದು ಚದರ ಮೀಟರಿಗೆ 250 ಕೆಜಿ ಹರಡಿ ಹಾಕಿದಷ್ಟು ಬಗ್ಗಿಸತ್ತೆ. ಬಿರುಗಾಳೀಲಿ ಟೆರೇಸ್ ಮೇಲೆ ಜನ ಇರಲ್ಲ ಅಂತ ಆ 150 ಪೂರ್ತಿ ಬಿಟ್ರೂ, ಸಿಮೆಂಟ್ ಲೇಯರ್ ಕಿತ್ತು ಹಾಕಿ 440 ಕ್ಕೆ ಇಳಿಸಿದ್ರೂ, 440 ಕ್ಕೆ 250 ಸೇರಿ 690, ಚೆನ್ನಾಗಿರೋ ರೂಮಿನ ಬಜೆಟ್ಟೂ ದಾಟಿ ಹೋಯ್ತು. ಚದರ ಮೀಟರಿಗೆ 26 ಕೆಜಿ ಅಂತ ಶುರುವಾದ ಮಾತು ಕೊನೆಗೆ ಇಲ್ಲಿಗೆ ಬಂದು ನಿಲ್ಲೋದು.

ಬೋಲ್ಟ್ ವಿಷಯ ಇಲ್ಲೇ ಹೇಳಿಬಿಡ್ತೀನಿ. ಒಂದು ಕಡೆ ಸ್ಟ್ಯಾಂಡಿನ ಕಾಲಿಗೆ 100 ಮಿಮೀ ಉದ್ದದ ಆ್ಯಂಕರ್ ಬೋಲ್ಟ್ ಹಾಕಿ ಬಿಗಿ ಮಾಡಿದ್ರು, ನೋಡೋಕೆ ಗಟ್ಟಿ. ಸ್ಪ್ಯಾನರ್ ಹಾಕಿ ಇನ್ನೆರಡು ಸುತ್ತು ತಿರುಗಿಸಿದೆ, ಬೋಲ್ಟು ಹಾಗೇ ಮೇಲಕ್ಕೆ ಬಂತು, ಅದರ ಸುತ್ತ ಕೆಂಪು ಬಿಳಿ ಪುಡಿ ಅಂಟ್ಕೊಂಡಿತ್ತು. ಅಂದ್ರೆ ಅದು ಸ್ಲ್ಯಾಬನ್ನ ಮುಟ್ಟೇ ಇರಲಿಲ್ಲ, ಇಟ್ಟಿಗೆ ಸುಣ್ಣದಲ್ಲೇ ನಿಂತಿತ್ತು. ಮೇಲೆ 115 ಮಿಮೀ ಲೇಯರ್ ಇರೋ ಟೆರೇಸಲ್ಲಿ ಅದು ಬೇರೆ ಹೇಗೂ ಆಗೋಕೆ ಸಾಧ್ಯ ಇಲ್ಲ. ಆ ಕಾಲನ್ನ ಪ್ಯಾರಾಪೆಟ್ಟಿಗೆ ಕಟ್ಟೋಣ ಅಂತ ಯಾರಾದ್ರೂ ಅಂದ್ರೆ ಅದಕ್ಕೂ ಬೇಡ ಅನ್ನಿ, ಆ ಗಿಡ್ಡ ಗೋಡೆ ತನ್ನ ಕಾಲ ಮೇಲೆ ತಾನು ನಿಲ್ಲೋಕೆ ಅಂತ ಕಟ್ಟಿರೋದು, ಎಳೆತಕ್ಕಲ್ಲ.

ಆ ಮನೇಲಿ ಕೊನೆಗೆ ಹೀಗೆ ಮಾಡಿದ್ವಿ. ಎರಡು ರೂಮಿಗೆ ಮೂರು ಗೋಡೆ, 3 ಮೀಟರಿಗೊಂದು. ಐದೈದು ಪ್ಯಾನೆಲ್ ಎರಡು ಸಾಲು ಜೋಡಿಸಿದ್ರೆ ಅಗಲ 5.65 ಮೀಟರ್, ಆರೂ ಕಾಲು ಸರಿಯಾಗಿ ಆ ಮೂರು ಗೋಡೆಗಳ ನೆತ್ತಿ ಮೇಲೇ ಇಳಿಯೋ ಹಾಗೆ ಸ್ಟ್ರಕ್ಚರ್ ಡ್ರಾಯಿಂಗ್ ಬದಲಾಯಿಸಿದ್ವಿ, ಮೇಲಿನ ಅಡ್ಡ ತೊಲೆ ಸ್ವಲ್ಪ ದಪ್ಪ ಆಯ್ತು ಅಷ್ಟೇ. ಆಗ ಆ 680 ಕೆಜಿ ನೇರವಾಗಿ ಗೋಡೆಗೆ, ಸ್ಲ್ಯಾಬಿಗೆ ಸಂಬಂಧಾನೇ ಇಲ್ಲ, ನಿಮ್ಮ ಟ್ಯಾಂಕಿನ ಕಥೆ ತರಾನೇ. ಇಲ್ಲೊಂದು ಎಚ್ಚರ, ಟೆರೇಸ್ ಮೇಲಿಂದ ಗೋಡೆ ಕಾಣಲ್ಲ, ಹಾಗಾಗಿ ಕೆಳಗೆ ಅಳೆದು ಮೇಲೆ ಗುರುತು ಹಾಕ್ಬೇಕು, ಮತ್ತೆ ಆ ಗೋಡೆ ಕೆಳಗಿನ ಫ್ಲೋರಲ್ಲೂ ಮುಂದುವರಿದಿರಬೇಕು. ಆಮೇಲೆ ಯಾವಾಗ್ಲೋ ರೂಮು ಎರಡು ಮಾಡೋಕೆ ಕಟ್ಟಿದ ತೆಳು ಪಾರ್ಟಿಷನ್ ಮೇಲೆ ಕಾಲು ಇಳಿಸಿದ್ರೆ ಏನೂ ಉಪಯೋಗ ಇಲ್ಲ.

ಕಾಲು ಬರೋ ಆರು ಜಾಗದಲ್ಲಿ ಲೇಯರ್ ಎಲ್ಲಾ ಕಿತ್ತು ನಿಜವಾದ ಸ್ಲ್ಯಾಬಿನ ಕಾಂಕ್ರೀಟ್ ಕಾಣೋ ಹಾಗೆ ಮಾಡಿ, ಅದರೊಳಗೆ ಕೆಮಿಕಲ್ ಹಾಕಿ ಕಂಬಿ ನಿಲ್ಲಿಸಿ, ಆ ಕಂಬಿ ಸಮೇತ ಪೆಡೆಸ್ಟಲ್, ಅಂದ್ರೆ ಕಾಲು ಕೂರೋ ಗಿಡ್ಡ ಕಾಂಕ್ರೀಟ್ ಕಂಬ, ಎರಕ ಹೊಯ್ದ್ವಿ. ಮಾರನೇ ವಾರ ಎರಡು ಕಂಬಿಗೆ ಜಾಕ್ ಹಾಕಿ ಎಳೆದೂ ನೋಡಿದ್ವಿ. ಪೆಡೆಸ್ಟಲ್ ಬುಡದಲ್ಲಿ ನೀರು ನಿಲ್ಲದ ಹಾಗೆ ಇಳಿಜಾರು ಗಾರೆ, ಅದರ ಮೇಲೆ ವಾಟರ್‌ಪ್ರೂಫ್ ಕೋಟಿಂಗ್. 84 ಕೆಜಿಯ ಆ ಸಿಮೆಂಟ್ ಲೇಯರ್ ಪೂರ್ತಿ ತೆಗೆಸಿ ಅದರ ಜಾಗಕ್ಕೆ ತೆಳುವಾಗಿ ಬಳಿಯೋ ಕೋಟಿಂಗ್ ಹಾಕ್ಸಿದ್ವಿ. ಕಿತ್ತ ಲೇಯರಿನ ಮಣ್ಣುಕಲ್ಲನ್ನ ಟೆರೇಸ್ ನಡುವೆ ಗುಡ್ಡೆ ಹಾಕೋಕೆ ಬಿಡಬೇಡಿ, ಆಗಾಗ ಕೆಳಗೆ ಇಳಿಸ್ತಾ ಇರಬೇಕು, ಕೆಲಸದೋರು ಒಂದೇ ಕಡೆ ರಾಶಿ ಹಾಕೋದು ಮಾಮೂಲು.

ಹಾಳಾದ ರೂಮಿಗೆ ಮಾತ್ರ ಪ್ಯಾನೆಲ್ ಇರಲಿ ಬಿಡಲಿ ರಿಪೇರಿ ಆಗ್ಲೇಬೇಕಿತ್ತು. ಕೆಳಗೆ ಜಾಕಿ ಕೊಟ್ಟು, ಬಿಟ್ಟುಕೊಂಡ ಕಾಂಕ್ರೀಟನ್ನ ಕಂಬಿಯ ಹಿಂದಿನವರೆಗೂ ಕೆತ್ತಿ, ಕಂಬಿ ಉಜ್ಜಿ, ಸವೆದಿದ್ದ ಕಡೆ ಪಕ್ಕಕ್ಕೆ ಹೊಸ ಕಂಬಿ ಜೋಡಿಸಿ, ಪಾಲಿಮರ್ ರಿಪೇರಿ ಮಾರ್ಟರ್ ತುಂಬಿದ್ವಿ. ಕ್ರಮ ಮುಖ್ಯ, ಮೇಲಿನ ಸೋರಿಕೆ ಮೊದಲು ನಿಲ್ಲಬೇಕು, ಆಮೇಲೆ ಕೆಳಗಿನ ರಿಪೇರಿ. ಪ್ಯಾನೆಲ್ ಬಂದ್ಮೇಲೆ ಮೇಲಿನ ಕೆಲಸ ಮಾಡೋದು ಕಷ್ಟ, ಹಾಗಾಗಿ ಸ್ಟ್ರಕ್ಚರ್ ನಿಲ್ಲಿಸೋಕೆ ಮುಂಚೆ ಒಂದು ಮಳೆ ನೋಡೋದು ಒಳ್ಳೇದು, ಇಲ್ಲಾಂದ್ರೆ ನೀರು ಕಟ್ಟಿ ಎರಡು ದಿನ ಬಿಟ್ಟು ನೋಡಿ. ಆದ್ರೆ ಎರಡು ಇಂಚಿಗಿಂತ ಜಾಸ್ತಿ ನೀರು ಕಟ್ಟಬೇಡಿ, ನಾಲ್ಕು ಇಂಚು ನೀರು ಅಂದ್ರೆ ಚದರ ಮೀಟರಿಗೆ 100 ಕೆಜಿ.

ಡ್ರಾಯಿಂಗ್ ಇಲ್ಲ, ಲೆಕ್ಕ ಗಡಿ ಹತ್ರ ಬಂದಿದೆ, ಏನು ಮಾಡೋದು ಅಂದ್ರೆ ಲೋಡ್ ಟೆಸ್ಟ್ ಇದೆ. ಮರಳು ಚೀಲ ತೂಗಿ ಹಂತ ಹಂತವಾಗಿ ಸ್ಲ್ಯಾಬ್ ಮೇಲೆ ಹರಡಿ, 24 ಗಂಟೆ ಬಿಟ್ಟು, ಕೆಳಗೆ ಡಯಲ್ ಗೇಜಲ್ಲಿ ಎಷ್ಟು ಬಗ್ಗಿತು ಅಂತ ನೋಡಿ, ಆಮೇಲೆ ತೆಗೆದು ಇನ್ನೊಂದು 24 ಗಂಟೆ ಕಾಯೋದು. ಬಗ್ಗಿದ್ದರಲ್ಲಿ ಮುಕ್ಕಾಲು ಭಾಗನಾದ್ರೂ ವಾಪಸ್ ಬಂದ್ರೆ ಪಾಸ್ ಅಂತ ಸಾಮಾನ್ಯವಾಗಿ ಹಿಡಿಯೋದು. ಇದು ಕಂಬಿ ಗಟ್ಟಿ ಇರೋ ಸ್ಲ್ಯಾಬಿಗೆ. ತುಕ್ಕು ಹಿಡಿದ ರೂಮ್ ಮೇಲೆ ಈ ಪರೀಕ್ಷೆ ನಾನು ಮಾಡಲ್ಲ, ಇವತ್ತು ಪಾಸಾದ್ರೂ ಐದು ವರ್ಷದ ಮೇಲಿನ ಕಂಬಿ ಬಗ್ಗೆ ಅದು ಏನೂ ಹೇಳಲ್ಲ. ಮಾಡೋದೇ ಆದ್ರೆ ಸ್ಲ್ಯಾಬ್ ಕೆಳಗೆ ಸ್ವಲ್ಪ ಸಂದು ಬಿಟ್ಟು ಜಾಕಿ ನಿಲ್ಲಿಸಿರಬೇಕು, ರೂಮಲ್ಲಿ ಯಾರೂ ಇರಬಾರದು.

ಎಂಜಿನಿಯರ್ ಹತ್ರ ರಿಪೋರ್ಟ್ ತಗೊಳೋವಾಗ ಮೂರು ವಿಷಯ ಅದರಲ್ಲಿದ್ಯಾ ನೋಡಿ: ಉಜ್ಜಿ ಅಳೆದ ಕಂಬಿ ಸೈಜು, ಲೇಯರ್ ವಾರು ತೂಕದ ಪಟ್ಟಿ, ಗಾಳೀಲಿ ಪ್ರತಿ ಕಾಲಿಗೆ ಬರೋ ಒತ್ತಡ ಮತ್ತೆ ಎಳೆತ. ಈ ಮೂರನೇದನ್ನ ಸ್ಟ್ರಕ್ಚರ್ ಮಾಡೋರೇ ಕೊಡಬೇಕು, ಅದನ್ನ ಕೊಡೋಕಾಗಲ್ಲ ಅನ್ನೋರ ಹತ್ರ ಆರ್ಡರ್ ಕೊಡಬೇಡಿ. ಕಟ್ಟಡ ನೋಡಿದೆವು, ಸುಸ್ಥಿತಿಯಲ್ಲಿದೆ ಅಂತ ಒಂದು ಪುಟ ಸೀಲ್ ಹಾಕಿ ಕೊಟ್ರೆ ಅದು ಫೈಲಿಗೆ ಆಗತ್ತೆ, ಸ್ಲ್ಯಾಬಿಗಲ್ಲ.

ನಿಮ್ಮ ವಿಷಯಕ್ಕೆ ಬಂದ್ರೆ, ಕಂಬಿ ಕಾಣ್ತಿರೋ ಆ ರೂಮಿನ ಮೇಲೆ ಸದ್ಯಕ್ಕೆ ಏನೂ ಇಡಬೇಡಿ, ಕೆಳಗೆ ಮಂಚ ಇದ್ರೆ ಉದುರೋ ಜಾಗದಿಂದ ಸರಿಸಿ. ಈ ವಾರ ಸುತ್ತಿಗೆ ತಟ್ಟಿ ಚಾಕ್ ಗುರುತು ಮಾಡಿ ಫೋಟೋ ತೆಗೀರಿ, ಕೆಳಗಿನ ಗೋಡೆಗಳನ್ನ ಅಳೆದು ಟೆರೇಸ್ ಮೇಲೆ ಬಣ್ಣದಲ್ಲಿ ಗೆರೆ ಹಾಕಿ. ಇನ್‌ಸ್ಟಾಲರ್ ಬಂದಾಗ ಕಾಲುಗಳು ಎಲ್ಲೆಲ್ಲಿ ಬರ್ತವೆ ಅಂತ ಆ ಗೆರೆಗಳ ಮೇಲೇ ನಿಲ್ಲಿಸಿ ಕೇಳಿ.